ಲಕ್ಷ ಜನಕ್ಕೆ ವಂದನೆ

ರೇಷ್ಮೆ ಸಾಕಣೆ ಹೇಳಿಕೊಡುವ ಲತಾಮಣಿಯ ಚಾನೆಲ್‌ಗೆ ಲಕ್ಷ ಸಬ್‌ಸ್ಕ್ರೈಬರ್ ಆದ ದಿನವೇ ಸಾತನೂರಿನ ಅವಳ ಹುಳದ ಮನೆಗೆ ಹಾಲುರೋಗ ಹೊಕ್ಕಿತ್ತು. ಹಾಕಿದ ಸೊಪ್ಪಿನ ಮೇಲೆಯೇ ಹುಳಗಳು ಊದಿಕೊಂಡು, ಬಿಳಿ ನೀರು ಸುರಿಸಿ ಸಾಯುತ್ತಿದ್ದವು.

“ಅಂಗಳದಲ್ಲೇ ನಿಂತು ಜನಕ್ಕೆ ವಂದನೆ ಹೇಳ್ಬುಡು, ಒಳಗಡೆ ತೋರಿಸ್ಬ್ಯಾಡ. ಮಾನ ಹೋಯ್ತದೆ,” ಎನ್ನುತ್ತ ಗಂಡ ಅನಂತರಾಜು ಮೊಬೈಲ್ ಹಿಡಿದ.

ಅವಳು ಬರೆದಿಟ್ಟಿದ್ದನ್ನು ಓದತೊಡಗಿದಳು: “ಈ ಲಕ್ಷ ನನ್ನದಲ್ಲ, ಕಾಮೆಂಟ್ ಹಾಕಿ ನನ್ನ ತಪ್ಪು ತಿದ್ದಿದ ನಿಮ್ಮದು. ನಾನು ಕಲಿಸೋಳಲ್ಲ, ನಿಮ್ಮ ಜೊತೆ ಕಲಿಯೋಳು.” ಎಂಟು ಸಲ ಓದಿದಳು. ಎಂಟು ಸಲವೂ ಅಲ್ಲಿಗೇ ನಿಲ್ಲಿಸಿ ಹುಳದ ಮನೆಯ ಬಾಗಿಲ ಕಡೆ ತಿರುಗಿದಳು.

ಒಂಬತ್ತನೇ ಸಲಕ್ಕೆ ಹಾಳೆ ಹರಿದೆಸೆದಳು. ಗಂಡನ ಕೈಯಿಂದ ಮೊಬೈಲ್ ಕಿತ್ತುಕೊಂಡು ಒಳಗೆ ನುಗ್ಗಿ, ಹುಳಗಳ ಮೇಲೆ ಹಿಡಿದಳು.

“ಲಕ್ಷ ಜನ ಇದ್ದೀರಲ್ರಪ್ಪ, ನಾನೆಲ್ಲಿ ತಪ್ಪಿದೆ? ಒಬ್ರಾದ್ರೂ ಹೇಳ್ಕೊಡಿ.”