ತಪ್ಪಿದ ಮಳೆಯ ಪ್ಯಾರಾ

ಹಿರೇಕೆರೂರು ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ನಿಂತೇ ಪತ್ರ ಓದಿದ ನೀಲಾಂಬಿಕಾಳಿಗೆ ಮೈಯೆಲ್ಲ ಉರಿಯಿತು. ಹವಾಮಾನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ಅವಳು ಕೇಂದ್ರ ಹವಾಮಾನ ಇಲಾಖೆಯಲ್ಲಿ ಮುನ್ಸೂಚನೆ ಹೇಳುವ ಹುದ್ದೆಗೆ ಅರ್ಜಿ ಹಾಕುವವಳಿದ್ದಳು. ಜೊತೆಗೆ ಕಳಿಸುವ ಪತ್ರವನ್ನು ನಿನ್ನೆ ಟೈಪಿಗೆ ಕೊಟ್ಟಿದ್ದಳು. ಕಾಲೇಜಿನಲ್ಲಿ ಮುಂಗಾರಿನುದ್ದಕ್ಕೂ ದಿನಾ ನಕ್ಷೆ ಬರೆದು ತಾನು ಹೇಳಿದ ಮಳೆ ಎಷ್ಟು ಸಲ ಬಂತು, ಎಷ್ಟು ಸಲ ಕೈಕೊಟ್ಟಿತು, ಇಲ್ಲ ಅಂದ ದಿನ ಎಷ್ಟು ಸಲ ಸುರಿಯಿತು ಎಂದು ಅದರಲ್ಲಿ ಬರೆದಿದ್ದಳು. ಆ ಪ್ಯಾರಾ ಪೂರ್ತಿ ಮಾಯ. ಅಲ್ಲಿ ‘ಬಡ ಕುಟುಂಬದ ಹೆಣ್ಣುಮಗಳು, ದಯೆ ತೋರಿದರೆ ತಮ್ಮ ಆಯುಷ್ಯಕ್ಕಾಗಿ ದೇವರನ್ನು ಬೇಡುವೆನು’ ಎಂದು ಇಂಗ್ಲಿಷಿನಲ್ಲಿತ್ತು.

“ಇದನ್ನ ಯಾರು ಬರೀ ಅಂದ್ರು, ಗುಡ್ಡಪ್ಪಣ್ಣಾ?”

“ಎಲ್ಲಾರ ಅರ್ಜಿಗೂ ಹಾಕ್ತೇನಿ, ತಂಗಿ,” ಎಂದ ಟೈಪಿಸ್ಟ್ ರಿಬ್ಬನ್ ಸರಿಮಾಡುತ್ತ. “ನೌಕರಿ ಕೇಳೂ ಮುಂದ ತಮ್ಮ ತಪ್ಪು ತಾವ ಹೇಳ್ಕೋತಾರೇನು? ಅದಕ್ಕ ತಗದೆ.”

“ದಿನಾ ಮಳಿ ಬರತೈತಿ ಅಂತ ಹೇಳ್ಕೋತ ಹೋದ್ರ ಬಂದ ಒಂದು ಮಳೀನೂ ತಪ್ಪೂದಿಲ್ಲ. ಅದೇನು ವಿದ್ಯಾನ? ಸುಳ್ಳಾದದ್ದು ಮುಚ್ಚಿಟ್ರ ನನ್ನ ಮಾತು ಎಷ್ಟು ನಂಬಬೇಕಂತ ಅವರಿಗೆ ಹೆಂಗ ಗೊತ್ತಾಗತೈತಿ?”

“ಅಷ್ಟು ಬೇಡ್ಕೊಂಡ್ರ ಏನ್ ಕಳ್ಕೋತಿ?”

ಅವಳು ಹಾಳೆಯನ್ನು ನಡುವೆ ಹರಿದು ಅವನ ಮುಂದಿಟ್ಟಳು.

“ಮಳಿ ಬೇಡ್ಕೊಳ್ಳೋ ಮಂದಿ ಊರ ತುಂಬ ಅದಾರ. ಅವರಿಗೆ ಬೇಕಾಗಿರೋದು ಯಾವಾಗ ಬರತೈತಿ ಅಂತ ಹೇಳೋರು. ಹೊಸಾ ಹಾಳಿ ಹಾಕ್ರಿ. ನಾ ಹೇಳಿ ತಪ್ಪಿದ್ದು ಮೊದಲ ಟೈಪ್ ಹೊಡೀರಿ.”