ಹಿಮ್ಮಡಿಯ ಎಣಿಕೆ

ಆ ಹಿಮ್ಮಡಿ ಮಾತ್ರ ತಪ್ಪುವುದಿಲ್ಲ, ಹಲಗೆಯ ಮೇಲೆ ತಕ ತಕಿಟ, ತಕ ತಕಿಟ, ಐದೈದೇ ಮಾತ್ರೆ, ರಂಗದ ಮಗ್ಗುಲಲ್ಲಿ ಹಸ್ತಪ್ರತಿ ಹಿಡಿದು ಕೂತ ಅಕ್ಕನಿಗೆ ತಮ್ಮನ ಮುಖ ಕಾಣುವುದಿಲ್ಲ, ಹಿಮ್ಮಡಿ ಕಾಣುತ್ತದೆ — ಮಾತು ಮರೆತ ನಟರಿಗೆ ಮಾತು ಎತ್ತಿಕೊಡುವುದೇ ಅವಳ ಕಸುಬು, ಇವನಿಗೆ ಒಮ್ಮೆಯೂ ಎತ್ತಿಕೊಟ್ಟವಳಲ್ಲ, ಇವತ್ತು ಬೆಳಿಗ್ಗೆ ಮಾತ್ರ ಕಾಫಿ ಲೋಟ ಹಿಡಿದು ನೀವು ಯಾರ ಪೈಕಿ ಅಂತ ಕೇಳಿದ, ನಿನ್ನ ಅಕ್ಕ ಕಣೋ ಅಂದರೆ ನಕ್ಕ, ಮೊನ್ನೆ ರಂಗಕ್ಕೆ ಬರುವ ಹೊತ್ತನ್ನೇ ಮರೆತು ನಿಂತದ್ದಕ್ಕೆ, ಇನ್ನೊಂದ್ಸಲ ತಪ್ಪಿದ್ರೆ ನಾಳೆಯಿಂದ ಬೇರೆಯವರು ಅಂದಿದ್ದಾರೆ ಕಂಪನಿಯ ಯಜಮಾನರು, ಏನೂ ಆಗಿಲ್ಲ, ಬರೀ ನಿದ್ದೆಗೇಡು ಅಂತ ಅವರಿಗೆ ಸುಳ್ಳು ಹೇಳಿದವಳು ಅವಳೇ, ರಂಗ ಹೋದರೆ ಇವನಿಗೆ ಇನ್ನೇನು ಉಳಿಯುತ್ತದೆ. ಈಗ ಕೊನೆಯ ದೃಶ್ಯ, ತಮ್ಮನದು ತಂದೆಯ ಪಾತ್ರ, ಸತ್ತ ಮಗನಿಗಾಗಿ ಗೋಳು, ಮಗನಿಲ್ಲ ಮನೆಯೊಳಗೆ ಬೆಳಕಿಲ್ಲ ಮನದೊಳಗೆ, ಹಗಲಿಲ್ಲ ಹೊರಗೆಲ್ಲ ಇರುಳೊಂದೆ ಎದೆಯೊಳಗೆ, ಇಲ್ಲಿಗೆ ಮುಗಿಸಿ ಅವನು ದೀಪ ಆರಿಸಬೇಕು. ಚಿಕ್ಕಂದಿನಲ್ಲಿ ಅವಳನ್ನು ಅಪ್ಪ ಮೆಟ್ಟಿಲ ಮೇಲೆ ಕೂರಿಸಿ ಬೆರಳು ಮಡಿಸಿ ಕಲಿಸಿದ್ದು, ಮ ಒಂದು, ಗ ಒಂದು, ನಿ ಎರಡು, ಮುಂದೆ ಒತ್ತಕ್ಷರ ಬಂದ್ರೆ ಹಿಂದಿನದು ಭಾರ ಆಗತ್ತೆ ಕಣೇ, ಲ್ಲ ಒಂದು, ಒಟ್ಟು ಐದು, ಅಂಥ ನಾಲ್ಕು ಗಣ ಸೇರಿದರೆ ಲಲಿತ ರಗಳೆಯ ಒಂದು ಸಾಲು, ಮೂರು ಮೂರರದ್ದು ಉತ್ಸಾಹ, ನಾಲ್ಕು ನಾಲ್ಕರದ್ದು ಮಂದಾನಿಲ, ಎರಡೆರಡು ಸಾಲಿಗೆ ಮೊದಲಲ್ಲೂ ಕೊನೆಯಲ್ಲೂ ಪ್ರಾಸ, ಮಗ ಅಂದರೆ ಹಗಲು ಬರಲೇಬೇಕು, ಒಂದು ಸಾಲು ಇನ್ನೊಂದನ್ನು ಕೈಹಿಡಿದು ಎಳೆಯುತ್ತದೆ. ಕಂದಕ್ಕೆ ನಾಲ್ಕೇ ಸಾಲು, ಷಟ್ಪದಿಗೆ ಆರೇ, ರಗಳೆಗೆ ಬೇಲಿಯಿಲ್ಲ, ಹೇಳೋದು ಮುಗಿದಾಗ ಮುಗಿಯುತ್ತೆ ಅಂದಿದ್ದರು ಅಪ್ಪ, ಹೇಳುವುದೇ ಇಲ್ಲದವನಿಗೆ ಅದು ಯಾವಾಗ ಮುಗಿಯುತ್ತದೆ ಎಂದು ಹೇಳಲಿಲ್ಲ.

ದೀಪ ಆರಿಸಲಿಲ್ಲ ಅವನು. ಮಗನಿಲ್ಲ ಒಲೆಯೊಳಗೆ ಕೊಡೆಯಿಲ್ಲ ಕೊಡದೊಳಗೆ, ಹಗಲಿಲ್ಲ ಕಿಸೆಯೊಳಗೆ ಕದವಿಲ್ಲ ಕದದೊಳಗೆ — ಅಯ್ಯೋ, ಇದು ಪ್ರತಿಯಲ್ಲಿಲ್ಲ, ಆದರೂ ಎಣಿಸಿದಳು, ಇಪ್ಪತ್ತು, ಇಪ್ಪತ್ತು, ಒಂದು ಮಾತ್ರೆ ಹೆಚ್ಚಿಲ್ಲ ಕಡಿಮೆಯಿಲ್ಲ, ಪ್ರಾಸ ಅಚ್ಚುಕಟ್ಟು, ಪ್ರೇಕ್ಷಕರ ಮೊದಲ ಸಾಲಿನಲ್ಲಿ ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು, ಓಟ ಅಷ್ಟು ಚೆನ್ನಾಗಿದ್ದರೆ ಅರ್ಥ ಯಾರಿಗೆ ಬೇಕು, ಎಷ್ಟು ತಿಂಗಳಿಂದ ಹೀಗೆ ಬರೀ ಓಟದಿಂದ ಅಕ್ಕನನ್ನೂ ಮೋಸಗೊಳಿಸಿದ್ದಾನೋ. ಅಕ್ಕಾ, ಪರದೆ ಬಿಡ್ಲಾ, ಹಗ್ಗ ಹಿಡಿದವನು ಕೇಳುತ್ತಿದ್ದಾನೆ, ಬಿಟ್ಟರೆ ಯಜಮಾನರಿಗೆ ತಿಳಿಯುತ್ತದೆ, ಬಿಡದಿದ್ದರೆ ಎಲ್ಲರಿಗೂ. ನಡೆ ಮುರಿದರೆ ನಿಂತಾನು ಅನ್ನಿಸಿತು, ಬೇಕೆಂದೇ ನಾಲ್ಕು ನಾಲ್ಕು ಮಾತ್ರೆ ಎಸೆದಳು, ಸಾಕೋ ತಮ್ಮಾ. ಅವನ ಕಿವಿ ಇತ್ತ ತಿರುಗಿತು. ತಪ್ಪಿದ್ದನ್ನು ಅಲ್ಲೇ ತಿದ್ದಿ, ತಲಾ ಒಂದು ಮಾತ್ರೆ ಸೇರಿಸಿ, ತನಗೇ ಹೇಳಿದ್ದೆಂದು ತಿಳಿಯದೆ ಹಾಡಿದ, ಸಾಕಿನ್ನು ತಮ್ಮಯ್ಯ ಬೇಕಿಲ್ಲ ನೀನಯ್ಯ.

ಚಪ್ಪಾಳೆಯೋ ಚಪ್ಪಾಳೆ. ಅವಳ ಕೈ ತಾನಾಗಿ ಹಗ್ಗದವನತ್ತ ಮೇಲೆದ್ದಿತು, ಪರದೆ ಬಿತ್ತು, ಕೊಂದೆ ಅನ್ನಿಸಿತು, ತಮ್ಮನನ್ನು ತನ್ನ ಕೈಯಿಂದಲೇ ಕೊಂದೆ, ಯಜಮಾನರ ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ, ತಮ್ಮ ಇತ್ತ ತಿರುಗಿ ಬಾಯಿ ಮುಚ್ಚಿ ನಿಂತಿದ್ದಾನೆ, ಕಣ್ಣಲ್ಲಿ ಯಾರೂ ಇಲ್ಲ, ಕೆಳಗೆ, ಹಲಗೆಯ ಮೇಲೆ, ಹಿಮ್ಮಡಿ, ತಕ ತಕಿಟ, ಹಿಮ್ಮಡಿ, ತಕ ತಕಿಟ