ಬಿಗಿಗಂಟು

ಮತ್ತೋಡಿನ ಕಡೆಯ ಕುರಿಗಾರರ ಮಗಳು ದೇವಿಕಾ ಚಿತ್ರದುರ್ಗದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದಳು. ಪ್ರಾಜೆಕ್ಟಿಗೆಂದು ಮನೆಯ ಕುರಿ ಕೂಡುವ ರೊಪ್ಪದ ಮಣ್ಣು ತಂದು ಅದರಲ್ಲಿನ ಸೂಕ್ಷ್ಮಜೀವಿಗಳನ್ನು ತಟ್ಟೆಗಳಲ್ಲಿ ಬೆಳೆಸಿದಳು. ಅಂಚಿನಲ್ಲಿ ಕೂದಲು ಸುರುಳಿ ಬಿಟ್ಟಂಥ ಬೂದುಬಣ್ಣದ ಚುಕ್ಕೆಗಳೆದ್ದವು.

ಗುರುಗಳಾದ ರೇಣುಕಮ್ಮ ಮುಚ್ಚಳ ತೆಗೆಯದೆಯೇ ನೋಡಿ ಕೇಳಿದರು: “ಆ ರೊಪ್ಪದಾಗೆ ಕುರಿ ಏನಾದ್ರೂ ಸತ್ವೇನಮ್ಮ?”

“ಎರಡು ಸತ್ವು ಮೇಡಂ. ಬೆಳಿಗ್ಗೆ ನೋಡಿದ್ರೆ ಮೂಗಿನಾಗೆ ಕರಿ ರಕ್ತ.”

ರೇಣುಕಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. “ಇದು ಏನೂ ಮಾಡದ ಬಡಪಾಯಿ ಜೀವಿ ಇರಬಹುದು. ನೆರಡಿ ರೋಗದ್ದೂ, ಅಂದ್ರೆ ಆಂಥ್ರಾಕ್ಸಿಂದೂ ಇರಬಹುದು. ನೋಡಿ ಹೇಳಾಕೆ ಆಗಲ್ಲ. ನಮ್ಮದು ಎರಡನೇ ಹಂತದ ಸುರಕ್ಷತೆಯ ಲ್ಯಾಬು, ಇಂಥದ್ದನ್ನ ಇಲ್ಲಿ ಬೆಳೆಸಾಕೂ ಕೂಡದು. ಮನೆಗೆ ಫೋನ್ ಮಾಡು, ಸತ್ತ ಕುರಿ ಸುಲಿಯೋದು ಬೇಡ ಅನ್ನು. ಪಶುವೈದ್ಯರಿಗೆ ನಾನು ಹೇಳ್ತೀನಿ. ತಟ್ಟೆ ಎಲ್ಲಾ ಆಟೋಕ್ಲೇವಿಗೆ ಹಾಕು, ಹಬೆಯಾಗೆ ಬೆಂದು ಸಾಯಲಿ.”

ಕೈಗವಸು ತೊಟ್ಟು ದೇವಿಕಾ ತಟ್ಟೆಗಳನ್ನು ಚೀಲಕ್ಕಿಳಿಸಿದಳು. ಸಾವಿನ ಸಾಮಾನನ್ನು ಮೂರು ಗಂಟು ಬಿಗಿದೇ ಕಳಿಸುವುದು ಅವಳ ಮನೆಯ ಪದ್ಧತಿ, ಸಾವು ಹಿಂದೆ ಬರಬಾರದೆಂದು. ಅವಳ ಕೈ ತಾನಾಗಿಯೇ ಮೂರು ಗಂಟು ಬಿಗಿಯಿತು.

ಆಟೋಕ್ಲೇವ್ ಬುಸುಗುಟ್ಟಿತು, ನೂರಿಪ್ಪತ್ತೊಂದು ಡಿಗ್ರಿ ತೋರಿತು, ತಣ್ಣಗಾಯಿತು. ಚೀಲದ ಮೇಲೆ ಅಂಟಿಸಿದ್ದ, ಕಾದರೆ ಕಪ್ಪಾಗುವ ಪಟ್ಟಿಯಲ್ಲಿ ಕರಿಗೆರೆ ಮೂಡಿತ್ತು.

“ಬೆಂದೈತೆ, ಕೊಡವ್ವ, ಕಸದ ಗಾಡಿ ಬಂದೈತೆ” ಎಂದು ಅಟೆಂಡರ್ ಜುಂಜಣ್ಣ ಕೈ ಚಾಚಿದ.

ಕೊಡುವಾಗ ದೇವಿಕಾ ಚೀಲವನ್ನು ಬೆಳಕಿಗೆ ಹಿಡಿದಳು. ಹೊರಗಿನ ತಟ್ಟೆಗಳು ಕರಗಿ ಮುದುಡಿದ್ದವು. ನಡುವಿನವು ಮಾತ್ರ ನೆಟ್ಟಗೆ ನಿಂತಿದ್ದವು. ಅವುಗಳೊಳಗೆ ಆ ಬೂದು ಸುರುಳಿಗಳು, ಒಂದೂ ಕದಲದೆ, ತನ್ನನ್ನೇ ನೋಡುತ್ತಿರುವಂತೆ.

“ಬ್ಯಾಡ ಜುಂಜಣ್ಣ, ಮುಟ್ಟಬ್ಯಾಡ. ಸತ್ತಿಲ್ಲ ಇವು.”

“ಪಟ್ಟಿ ಕರ್ರಗಾಗೈತಲ್ಲವ್ವ?”

“ಪಟ್ಟಿ ಹೊರಗಿಂದಷ್ಟೇ ಹೇಳ್ತದಪ್ಪ” ಎಂದರು ಹಿಂದೆ ಬಂದಿದ್ದ ರೇಣುಕಮ್ಮ. ಗಂಟು ನೋಡಿ ನಿಟ್ಟುಸಿರಿಟ್ಟರು. “ಬಾಯಿ ಬಿಗಿದ್ರೆ ಒಳಗಿನ ಗಾಳಿ ಹೊರಗೆ ಹೋಗಲ್ಲ, ಹಬೆ ಒಳಗೆ ಬರಲ್ಲ. ಹಬೆ ಮುಟ್ಟದಿದ್ರೆ ಈ ಜೀವಿಯ ಗಟ್ಟಿ ಬೀಜಕಣ ಸಾಯಲ್ಲ ಮಗಳೇ.”

ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಮೂರು ಗಂಟನ್ನೂ ದೇವಿಕಾಳೇ ಬಿಚ್ಚಿದಳು. ಒಳಗೆ ಒಂದಿಷ್ಟು ನೀರು ಹಾಕಿ, ತಟ್ಟೆಗಳ ನಡುವೆ ಅಪಾಯವಿಲ್ಲದ ಬೀಜಕಣಗಳ ಪರೀಕ್ಷಾ ಸೀಸೆಯಿಟ್ಟು, ಬಾಯಿ ಸಡಿಲ ಬಿಟ್ಟು, ಮತ್ತೆ ಹೆಚ್ಚು ಹೊತ್ತು ಬೇಯಿಸಿದರು. ಆ ಸೀಸೆಯನ್ನೂ ಬೇಯಿಸದ ಇನ್ನೊಂದನ್ನೂ ಬೆಚ್ಚಗಿಟ್ಟರು. ಒಳಗಿನ ಬೀಜಕಣ ಬದುಕಿದ್ದರೆ ನೇರಳೆ ದ್ರವ ಹಳದಿಯಾಗುತ್ತದೆ. ಫಲಿತಾಂಶ ಬರುವವರೆಗೆ ಚೀಲ ಲ್ಯಾಬಿನಲ್ಲೇ ಉಳಿಯಿತು.

ಬೇಯಿಸದ ಸೀಸೆ ಹಳದಿಯಾಯಿತು. ಚೀಲದೊಳಗಿದ್ದದ್ದು ನೇರಳೆಯಾಗಿಯೇ ಉಳಿಯಿತು. ಜುಂಜಣ್ಣ ಚೀಲ ಹೊತ್ತು ಹೋದ. ದೇವಿಕಾ ಮನಸ್ಸಿನಲ್ಲೇ ಮನೆದೇವರು ಬೀರಪ್ಪನಿಗೆ ಕೈ ಮುಗಿದಳು.

ಆಗ ಅಪ್ಪ ಕಾಟಲಿಂಗಪ್ಪನ ಫೋನು ಬಂತು. “ಡಾಕ್ಟ್ರು ಬಂದು ನೋಡಿದ್ರು. ಕುರಿನೆಲ್ಲ ರೊಪ್ಪ ಬಿಡಿಸ್ಯಾರೆ. ಈ ಮಣ್ಣಾಗೆ ಆ ನೆರಡಿ ಎಷ್ಟು ವರ್ಷ ಇರ್ತೈತವ್ವ?”

ಆಟೋಕ್ಲೇವಿನ ಬಾಗಿಲ ಕಡೆ ನೋಡಿದಳು. ಆ ರೊಪ್ಪ ಅದರೊಳಗೆ ಹಿಡಿಯುವಂಥದ್ದಲ್ಲ.

“ನಾವು ಇರೋವರ್ಗೂ ಇರಬೌದಪ್ಪ” ಎಂದಳು.